ಉತ್ತರದಲ್ಲಿ ಕಾಣದ ನಿರ್ಬಂಧ ಎಲ್ಲಿಂದ ಬಂತು?

ಪ್ರಶ್ನೆ: ಸರ್, ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗ ಹತ್ತನೇ ಕ್ಲಾಸು, ಆಲ್ಜಿಬ್ರಾ 2 ಓದ್ತಿದ್ದಾನೆ. ಟೆಸ್ಟಲ್ಲಿ ಈ ಲೆಕ್ಕ ಬಂದಿತ್ತು:

(x² − x − 6)/(x² − 4) ÷ (x² − 9)/(x² + x − 2)

ಅವನು (x + 2)(x − 1) / [(x − 2)(x + 3)] ಅಂತ ಉತ್ತರ ಬರೆದು, ಪಕ್ಕದಲ್ಲಿ x ≠ 2, x ≠ −3 ಅಂತಲೂ ಹಾಕಿದ್ದಾನೆ. ಟೀಚರ್ ಅಂಕ ಕಟ್ ಮಾಡಿ, −2, 1, 3 ಕೂಡ ಬರೆಯಬೇಕಿತ್ತು ಅಂದಿದ್ದಾರೆ. ಉತ್ತರದಲ್ಲಿ x = 1 ಹಾಕಿದರೆ ಸೊನ್ನೆ ಬರುತ್ತೆ, ಏನೂ ತೊಂದರೆ ಇಲ್ವಲ್ಲ? ಮತ್ತೆ ಯಾಕೆ ಹಾಕಬಾರದು? ಅವನಿಗೆ ಹೇಗೆ ಹೇಳಿಕೊಡಲಿ?

ಉತ್ತರ: ಟೀಚರ್ ಹೇಳಿದ್ದು ಸರಿ. ನಿಮ್ಮ ಮಗ ಲೆಕ್ಕವನ್ನೇನೋ ಸರಿಯಾಗಿಯೇ ಮಾಡಿದ್ದಾನೆ, ಆದರೆ ನಿರ್ಬಂಧವನ್ನು ಹುಡುಕಿದ್ದು ಕೊನೆಯ ಸಾಲಿನಲ್ಲಿ. ಅದನ್ನು ಹುಡುಕಬೇಕಾದ್ದು ಮೊದಲ ಸಾಲಿನಲ್ಲಿ. ಯಾವ ಸಂಖ್ಯೆ ಹಾಕಬಾರದು ಅನ್ನುವುದನ್ನು ಪ್ರಶ್ನೆ ನಿರ್ಧರಿಸುತ್ತದೆ, ನಾವು ಅದನ್ನು ಸುಲಭ ಮಾಡಿ ಬರೆದ ರೂಪ ನಿರ್ಧರಿಸುವುದಿಲ್ಲ. ಪ್ರಶ್ನೆಗೇ ಅರ್ಥ ಇಲ್ಲದ ಕಡೆ ಉತ್ತರ ಎಷ್ಟು ಚೆನ್ನಾಗಿ ಕಂಡರೂ ಅದು ಆ ಪ್ರಶ್ನೆಯ ಉತ್ತರ ಆಗುವುದಿಲ್ಲ.

ಇದನ್ನು ಹೀಗೆ ಬಾಯಲ್ಲಿ ಹೇಳಿದರೆ ಹುಡುಗರು ತಲೆ ಆಡಿಸಿ ಮತ್ತೆ ಅದೇ ತಪ್ಪು ಮಾಡುತ್ತಾರೆ. ಆದ್ದರಿಂದ ಇದೇ ಲೆಕ್ಕವನ್ನು ಮೊದಲಿಂದ ಬಿಡಿಸೋಣ. ಒಂದೊಂದು ನಿರ್ಬಂಧ ಯಾವ ಹೆಜ್ಜೆಯಲ್ಲಿ ಕಣ್ಮರೆಯಾಗುತ್ತದೆ ಅಂತ ಹಿಡಿಯೋಣ. ಅದಕ್ಕೆ ಇದು ಬಹಳ ಒಳ್ಳೆಯ ಲೆಕ್ಕ, ಯಾಕೆಂದರೆ ಬಿಟ್ಟುಹೋದ ಮೂರೂ ಒಂದೇ ರೀತಿ ಕಳೆದುಹೋಗಿಲ್ಲ.

ಮೊದಲ ಕೆಲಸ ಅಪವರ್ತನ. ನಾಲ್ಕು ಬಹುಪದೋಕ್ತಿಗಳಿವೆ, ನಾಲ್ಕನ್ನೂ ಬಿಡಿಸಬೇಕು. x² − x − 6 ಗೆ ಗುಣಿಸಿದರೆ −6, ಕೂಡಿಸಿದರೆ −1 ಬರುವ ಜೋಡಿ ಬೇಕು. ಅದು −3 ಮತ್ತು 2. ಹಾಗಾಗಿ (x − 3)(x + 2). x² + x − 2 ಗೆ ಗುಣಲಬ್ಧ −2, ಮೊತ್ತ 1. ಅದು 2 ಮತ್ತು −1. ಹಾಗಾಗಿ (x + 2)(x − 1). ಉಳಿದೆರಡು ವರ್ಗಗಳ ವ್ಯತ್ಯಾಸ, a² − b² ಸೂತ್ರ ಗೊತ್ತಿದ್ದರೆ ನೋಡಿದ ತಕ್ಷಣ ಬರುತ್ತವೆ. ಈಗ ಲೆಕ್ಕ ಹೀಗೆ ಕಾಣುತ್ತದೆ:

(x − 3)(x + 2) / [(x − 2)(x + 2)] ÷ (x − 3)(x + 3) / [(x + 2)(x − 1)]

ಇಲ್ಲಿ ಪೆನ್ನು ನಿಲ್ಲಿಸಬೇಕು. ತಲೆಕೆಳಗು ಮಾಡಬಾರದು, ಏನನ್ನೂ ಹೊಡೆದು ಹಾಕಬಾರದು. ನಿರ್ಬಂಧ ಬರೆಯುವ ಜಾಗ ಇದೇ, ಯಾಕೆಂದರೆ ಎಲ್ಲ ಅಪವರ್ತನಗಳೂ ಇನ್ನೂ ತಂತಮ್ಮ ಮೂಲ ಜಾಗದಲ್ಲಿ ಕೂತಿವೆ. ಭಾಗಾಕಾರದಲ್ಲಿ ಮೂರು ಕಡೆ ನೋಡಬೇಕು.

ಒಂದು, ಮೊದಲ ಭಿನ್ನರಾಶಿಯ ಛೇದ. ಅದು ಸೊನ್ನೆ ಆದರೆ ಆ ಭಿನ್ನರಾಶಿಯೇ ಇಲ್ಲ. ಹಾಗಾಗಿ x ≠ 2, x ≠ −2. ಎರಡು, ಎರಡನೇ ಭಿನ್ನರಾಶಿಯ ಛೇದ. ಕಾರಣ ಅದೇ. x ≠ −2, x ≠ 1. ಮೂರನೆಯದು ಎಲ್ಲರೂ ಮರೆಯುವ ಜಾಗ: ಎರಡನೇ ಭಿನ್ನರಾಶಿಯ ಅಂಶ. ಅದು ಸೊನ್ನೆ ಆದರೆ ಆ ಭಿನ್ನರಾಶಿಗೆ ಬೆಲೆ ಇದೆ, ಆದರೆ ಆ ಬೆಲೆಯೇ ಸೊನ್ನೆ. ನಾವು ಮಾಡುತ್ತಿರುವುದು ಅದರಿಂದ ಭಾಗಿಸುವ ಕೆಲಸ. ಸೊನ್ನೆಯಿಂದ ಭಾಗಿಸಲು ಆಗಲ್ಲ ಅಲ್ವಾ? ಹಾಗಾಗಿ x ≠ 3, x ≠ −3.

ಮೊದಲ ಭಿನ್ನರಾಶಿಯ ಅಂಶವನ್ನು ಮಾತ್ರ ಬಿಟ್ಟುಬಿಡಿ. ಅದು ಸೊನ್ನೆ ಆದರೆ ಏನೂ ಹಾಳಾಗುವುದಿಲ್ಲ, ಸೊನ್ನೆಯನ್ನು ಬೇರೆ ಸಂಖ್ಯೆಯಿಂದ ಭಾಗಿಸಿದರೆ ಸೊನ್ನೆ, ಅಷ್ಟೇ.

ಒಟ್ಟು ಪಟ್ಟಿ: −3, −2, 1, 2, 3. ಐದು ಸಂಖ್ಯೆಗಳು. ಲೆಕ್ಕ ಇನ್ನೂ ಶುರುವೇ ಆಗಿಲ್ಲ, ನಿರ್ಬಂಧ ಮಾತ್ರ ಪೂರ್ತಿ ಮುಗಿದಿದೆ. ಇದನ್ನು ಪಕ್ಕದಲ್ಲಿ ಬರೆದಿಟ್ಟು ಮುಂದೆ ಹೋಗಬೇಕು. ಇನ್ನು ಮೇಲೆ ಏನೇ ಆದರೂ ಈ ಪಟ್ಟಿಯನ್ನು ಮುಟ್ಟುವಂತಿಲ್ಲ.

ಈಗ ಎರಡನೇ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸೋಣ:

(x − 3)(x + 2) / [(x − 2)(x + 2)] × (x + 2)(x − 1) / [(x − 3)(x + 3)]

ಈ ಸಾಲಿನ ಛೇದಗಳನ್ನು ಮಾತ್ರ ನೋಡಿ. x − 2, x + 2, x − 3, x + 3. ಇದರಲ್ಲಿ x − 1 ಎಲ್ಲಿ? ಮೇಲಕ್ಕೆ ಹೋಗಿಬಿಟ್ಟಿದೆ. ಇನ್ನೂ ಒಂದೇ ಒಂದು ಅಪವರ್ತನವನ್ನೂ ಹೊಡೆದು ಹಾಕಿಲ್ಲ, ಆದರೂ 1 ಆಗಲೇ ಛೇದಗಳಿಂದ ಮಾಯ. ‘ಕ್ಯಾನ್ಸಲ್ ಮಾಡುವ ಮೊದಲು ನಿರ್ಬಂಧ ಬರೆ’ ಅಂತ ಕೆಲವು ಕಡೆ ಹೇಳಿಕೊಡುತ್ತಾರೆ. ಗುಣಾಕಾರಕ್ಕೆ ಅದು ಸಾಕು. ಭಾಗಾಕಾರಕ್ಕೆ ಸಾಲದು. ಈ ಸಾಲಿನಲ್ಲಿ ನಿಂತು ನಿರ್ಬಂಧ ಬರೆದವನು ನಾಲ್ಕು ಬರೆಯುತ್ತಾನೆ, 1 ಅನ್ನು ಬಿಡುತ್ತಾನೆ. ತಲೆಕೆಳಗು ಮಾಡುವುದಕ್ಕೂ ಮೊದಲೇ ಬರೆದಿರಬೇಕು.

ಮುಂದಿನ ಹೆಜ್ಜೆ ಹೊಡೆದು ಹಾಕುವುದು. ಮೇಲೊಂದು x − 3, ಕೆಳಗೊಂದು x − 3, ಎರಡೂ ಹೋದವು. ಮೇಲೆ x + 2 ಎರಡಿವೆ, ಕೆಳಗೆ ಒಂದಿದೆ. ಒಂದಕ್ಕೆ ಒಂದು ಹೋಗಿ ಮೇಲೆ ಒಂದು ಉಳಿಯಿತು. ಸಿಗುವುದು:

(x + 2)(x − 1) / [(x − 2)(x + 3)]

3 ಮತ್ತು −2 ಛೇದದಿಂದ ಹೋದದ್ದು ಈ ಹೆಜ್ಜೆಯಲ್ಲಿ. ಅಂದರೆ 1 ತಲೆಕೆಳಗು ಮಾಡುವಾಗ ಕಳೆಯಿತು, 3 ಮತ್ತು −2 ಹೊಡೆದು ಹಾಕುವಾಗ ಕಳೆದವು. 2 ಮತ್ತು −3 ಮಾತ್ರ ಕೊನೆಯವರೆಗೂ ಛೇದದಲ್ಲಿ ಉಳಿದವು. ನಿಮ್ಮ ಮಗನ ಕಣ್ಣಿಗೆ ಬಿದ್ದದ್ದು ಅವೆರಡೇ.

ಅವನು ಇನ್ನೂ ಒಪ್ಪದಿದ್ದರೆ ವಾದ ಬೇಡ, ಸಂಖ್ಯೆ ಹಾಕಿ ತೋರಿಸಿ. ಮೂಲ ಪ್ರಶ್ನೆಯಲ್ಲಿ x = 1 ಹಾಕಿ. ಮೊದಲ ಭಿನ್ನರಾಶಿ −6/−3, ಅಂದರೆ 2. ಚೆನ್ನಾಗಿದೆ. ಎರಡನೆಯದು −8/0. ಅಲ್ಲಿಗೆ ಮುಗಿಯಿತು, ಅಂಥ ಸಂಖ್ಯೆ ಇಲ್ಲ. ಎರಡನ್ನು ಇಲ್ಲದ ಸಂಖ್ಯೆಯಿಂದ ಭಾಗಿಸುವುದು ಹೇಗೆ? ಈಗ x = 3 ಹಾಕಿ. ಮೊದಲನೆಯದು 0/5, ಅಂದರೆ 0. ಎರಡನೆಯದು 0/10, ಅದೂ 0. ಎರಡು ಭಿನ್ನರಾಶಿಗಳಿಗೂ ಬೆಲೆ ಇದೆ, ಯಾವ ಛೇದವೂ ಸೊನ್ನೆ ಆಗಿಲ್ಲ. ಆದರೆ ಮಧ್ಯದಲ್ಲಿರುವ ÷ ಚಿಹ್ನೆ 0 ÷ 0 ಮಾಡು ಅನ್ನುತ್ತಿದೆ. ಅದು ಆಗದ ಕೆಲಸ. x = −2 ಹಾಕಿದರೆ ಮೊದಲ ಭಿನ್ನರಾಶಿಯೇ 0/0, ಎರಡನೆಯದು −5/0. ಅಲ್ಲಂತೂ ಎರಡು ಕಡೆಯೂ ಮುರಿದುಬಿದ್ದಿದೆ.

ಆದರೆ ಸುಲಭ ಮಾಡಿದ ರೂಪದಲ್ಲಿ 1 ಹಾಕಿದರೆ 0, −2 ಹಾಕಿದರೆ 0, 3 ಹಾಕಿದರೆ 10/6, ಅಂದರೆ 5/3. ಮೂರೂ ಸಲೀಸಾಗಿ ಬಂದವು. ಪ್ರಶ್ನೆ ‘ಬೆಲೆ ಇಲ್ಲ’ ಅನ್ನುವ ಕಡೆ ಉತ್ತರ 5/3 ಅನ್ನುತ್ತಿದೆ ಅಂದರೆ ಅವೆರಡನ್ನೂ ಸಮ ಅಂತ ಬರೆಯಲು ಆಗುವುದಿಲ್ಲ. ನಡುವೆ = ಚಿಹ್ನೆ ಹಾಕಬೇಕಾದರೆ ಪಕ್ಕದಲ್ಲಿ ಆ ನಿರ್ಬಂಧ ಇರಲೇಬೇಕು. ಹಾಗೆ ಹೊಡೆದು ಹಾಕುವ ಹಕ್ಕು ಬಂದದ್ದೇ ಅದರಿಂದ. (x − 3)/(x − 3) ಅನ್ನು 1 ಅಂತ ಬರೆದಿರಲ್ಲ, ಅದು x ಗೆ 3 ಬಿಟ್ಟು ಬೇರೆ ಏನಾದರೂ ಹಾಕಿದಾಗ ಮಾತ್ರ ನಿಜ.

‘ಸರಿ, ಆದರೆ ಇದರಿಂದ ಆಗಬೇಕಾದ್ದೇನು, ಸುಮ್ನೆ ಅಂಕ ಕಳೆಯುವ ನೆಪ’ ಅಂತ ಅವನು ಕೇಳಬಹುದು. ಕೇಳಲಿ, ಒಳ್ಳೆಯ ಪ್ರಶ್ನೆ. ಇದೇ ಲೆಕ್ಕದ ಮುಂದೆ ‘= 0’ ಅಂತ ಬರೆದು, x ಕಂಡುಹಿಡಿ ಅನ್ನಿ. ಅವನ ಉತ್ತರದ ರೂಪದಿಂದ ಹೊರಟರೆ ಅಂಶ ಸೊನ್ನೆ ಆಗಬೇಕು, (x + 2)(x − 1) = 0, ಹಾಗಾಗಿ x = −2 ಅಥವಾ x = 1. ಎರಡು ಉತ್ತರ ಸಿಕ್ಕವು ಅಂತ ಖುಷಿ. ಆದರೆ ಎರಡೂ ನಿಷಿದ್ಧ ಪಟ್ಟಿಯಲ್ಲಿವೆ. ಆ ಸಮೀಕರಣಕ್ಕೆ ಪರಿಹಾರವೇ ಇಲ್ಲ! ನಿರ್ಬಂಧ ಬರೆಯದವನು ಎರಡು ಉತ್ತರ ಕೊಟ್ಟು ಎರಡೂ ತಪ್ಪು ಮಾಡುತ್ತಾನೆ.

‘= 5/3’ ಅಂತ ಕೊಟ್ಟು ನೋಡಿ, ಇನ್ನೂ ಮಜಾ ಇದೆ. ಅಡ್ಡ ಗುಣಿಸಿದರೆ

3(x² + x − 2) = 5(x² + x − 6)

ಬಿಡಿಸಿ ಒಂದು ಕಡೆ ತಂದರೆ 2x² + 2x − 24 = 0, ಅಂದರೆ x² + x − 12 = 0. ಅಪವರ್ತಿಸಿದರೆ (x + 4)(x − 3) = 0. x = −4 ಅಥವಾ x = 3. ಇಲ್ಲಿ 3 ಅನ್ನು ಬಿಸಾಡಬೇಕು, −4 ಅನ್ನು ಇಟ್ಟುಕೊಳ್ಳಬೇಕು. ಯಾವುದನ್ನು ಬಿಸಾಡಬೇಕು ಅಂತ ಹೇಳುವುದು ಮೊದಲೇ ಬರೆದಿಟ್ಟ ಆ ಪಟ್ಟಿ ಮಾತ್ರ. ಕೊನೆಯ ರೂಪವನ್ನು ಎಷ್ಟು ದಿಟ್ಟಿಸಿದರೂ 3 ರ ಮೇಲೆ ಅನುಮಾನ ಬರುವುದಿಲ್ಲ. ಆಲ್ಜಿಬ್ರಾ 2 ದಲ್ಲಿ ಈ ಪಾಠದ ಹಿಂದೆಯೇ ಇಂಥ ಸಮೀಕರಣಗಳ ಪಾಠವೂ ಬರುತ್ತದೆ. ಟೀಚರ್ ಈಗಲೇ ಬಿಗಿ ಹಿಡಿಯುವುದು ಅದಕ್ಕೆ.

ಗ್ರಾಫ್ ಹಾಕಿದರೂ ಇದು ಕಾಣುತ್ತದೆ, ಆದರೆ ಸ್ವಲ್ಪ ಹುಷಾರಾಗಿ ನೋಡಬೇಕು. ಮೂಲ ಪ್ರಶ್ನೆಯ ಗ್ರಾಫು x = 2 ಮತ್ತು x = −3 ರ ಹತ್ತಿರ ಮೇಲಕ್ಕೋ ಕೆಳಕ್ಕೋ ಓಡಿಹೋಗುತ್ತದೆ, ಅದು ಯಾರ ಕಣ್ಣಿಗೂ ಬೀಳುತ್ತದೆ. ಉಳಿದ ಮೂರು ಕಡೆ ಹಾಗೇನೂ ಆಗುವುದಿಲ್ಲ. ಗೆರೆ ನೀಟಾಗಿ ಹೋಗುತ್ತಿರುತ್ತದೆ, ಒಂದೊಂದೇ ಬಿಂದು ಮಾತ್ರ ಇರುವುದಿಲ್ಲ: (−2, 0), (1, 0), (3, 5/3). ಡೆಸ್ಮಾಸ್‌ನಲ್ಲಿ ಹಾಕಿದಾಗ ಆ ತೂತು ಮೇಲ್ನೋಟಕ್ಕೆ ಕಾಣಲ್ಲ, ಗೆರೆಯ ಮೇಲೆ ಕ್ಲಿಕ್ ಮಾಡಿ x = −2 ಅಥವಾ x = 3 ರ ಜಾಗಕ್ಕೆ ಎಳೆದುಕೊಂಡು ಹೋದರೆ ಬೆಲೆಯ ಬದಲು undefined ಅಂತ ತೋರಿಸುತ್ತದೆ. ಮಗನ ಹತ್ತಿರ ಲ್ಯಾಪ್‌ಟಾಪ್ ಇದ್ದೇ ಇರುತ್ತಲ್ಲ, ಅವನೇ ಎಳೆದು ನೋಡಲಿ.

ಇನ್ನು ‘ಮೊದಲು ಅಪವರ್ತನ’ ಅನ್ನುವ ಮಾತು. ನಿಮ್ಮ ಮಗ ಅದನ್ನು ಮಾಡಿದ್ದಾನೆ, ಆದರೆ ಯಾಕೆ ಅಂತ ಅವನಿಗೆ ಗೊತ್ತಿದೆಯಾ ಅಂತ ಒಮ್ಮೆ ಕೇಳಿ ನೋಡಿ. ಎಷ್ಟೋ ಮಕ್ಕಳು ಭಿನ್ನರಾಶಿ ಅಂದ ಕೂಡಲೇ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಗುಣಿಸಲು ಹೊರಡುತ್ತಾರೆ. ತಪ್ಪಲ್ಲ, ನಿಯಮದ ಪ್ರಕಾರ ಸರಿಯೇ. ಇದೇ ಲೆಕ್ಕವನ್ನು ಹಾಗೆ ಮಾಡಿದರೆ ಏನು ಬರುತ್ತದೆ ನೋಡಿ:

(x⁴ − 9x² − 4x + 12) / (x⁴ − 13x² + 36)

ಈಗ ಇದನ್ನು ಸುಲಭ ಮಾಡಬೇಕಾದರೆ ನಾಲ್ಕನೇ ಘಾತದ ಎರಡು ಬಹುಪದೋಕ್ತಿಗಳನ್ನು ಅಪವರ್ತಿಸಬೇಕು. ಕೆಳಗಿನದು x² ನಲ್ಲಿ ವರ್ಗೋಕ್ತಿಯ ಹಾಗಿದೆ, ಹೇಗೋ ಆಗುತ್ತದೆ. ಮೇಲಿನದಕ್ಕೆ ಒಂದೊಂದೇ ಸಂಖ್ಯೆ ಹಾಕಿ ಹುಡುಕಬೇಕು. ಆಗಲೇ ಬಿಡಿಸಿಟ್ಟಿದ್ದ ತುಂಡುಗಳನ್ನು ಅಂಟಿಸಿ, ಮತ್ತೆ ಒಡೆಯಲು ಕೂತ ಹಾಗಾಯಿತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಈ ಛೇದವನ್ನು ಸೊನ್ನೆಗೆ ಸಮ ಮಾಡಿದರೆ ±2 ಮತ್ತು ±3 ಸಿಗುತ್ತವೆ. 1 ಸಿಗುವುದಿಲ್ಲ. ಎಷ್ಟು ಕಷ್ಟಪಟ್ಟು ಅಪವರ್ತಿಸಿದರೂ ಅಲ್ಲಿಂದ ಆ ನಿರ್ಬಂಧ ಮರಳಿ ಬರುವುದಿಲ್ಲ, ಪ್ರಶ್ನೆಗೇ ವಾಪಸ್ ಹೋಗಬೇಕು.

ಕೆಲವರು ಇಲ್ಲಿ ಮೇಲಿನ x⁴ ಮತ್ತು ಕೆಳಗಿನ x⁴ ಅನ್ನು ಹೊಡೆದು ಹಾಕುತ್ತಾರೆ. ಅದು ಇನ್ನೊಂದು ಕಾಯಿಲೆ. ಹೊಡೆದು ಹಾಕಬಹುದಾದದ್ದು ಗುಣಿಸಿಕೊಂಡಿರುವ ಅಪವರ್ತನವನ್ನು, ಕೂಡಿಕೊಂಡಿರುವ ಪದವನ್ನಲ್ಲ. ಈ ನಿಯಮ ಎಲ್ಲರಿಗೂ ಬಾಯಿಪಾಠ ಇರುತ್ತದೆ, ಆದರೂ ಕೈ ಜಾರುತ್ತದೆ. ನಿಮ್ಮ ಮಗನ ಉತ್ತರದಲ್ಲೇ ಆ ಜಾರುವ ಜಾಗ ಒಂದಿದೆ. ಕೊನೆಯ ರೂಪವನ್ನು ಗುಣಿಸಿ ಬರೆದರೆ:

(x² + x − 2) / (x² + x − 6)

ಮೇಲೆ x² + x, ಕೆಳಗೂ x² + x. ಕಣ್ಣಿಗೆ ಎಷ್ಟು ಒಂದೇ ಥರ ಕಾಣುತ್ತದೆ ನೋಡಿ! ಹೊಡೆದು ಹಾಕಿದರೆ −2/−6, ಅಂದರೆ 1/3. x ಎಲ್ಲ ಹೋಗಿ ಮುದ್ದಾದ ಉತ್ತರ. ಶುದ್ಧ ತಪ್ಪು. ಇಲ್ಲಿ ಒಂದು ಬಲೆಯೂ ಇದೆ. ಜಾಣ ಹುಡುಗ ‘ಸಂಖ್ಯೆ ಹಾಕಿ ಪರೀಕ್ಷಿಸುತ್ತೇನೆ’ ಅಂತ ಸುಲಭಕ್ಕೆ x = 0 ಹಾಕುತ್ತಾನೆ. ಮೂಲ ಪ್ರಶ್ನೆಯಲ್ಲಿ −6/−4 ÷ −9/−2, ಅಂದರೆ 3/2 ÷ 9/2, ಉತ್ತರ 1/3. ಹೊಂದಿತು! ತಪ್ಪು ಉತ್ತರ ಪಾಸಾಗಿಬಿಟ್ಟಿತು. x = −1 ಹಾಕಿದರೂ 1/3 ಬರುತ್ತದೆ, ಯಾಕೆಂದರೆ ಅವೆರಡು ಕಡೆಯೂ x² + x ಸೊನ್ನೆ. x = 4 ಹಾಕಿದರೆ ಬಣ್ಣ ಬಯಲಾಗುತ್ತದೆ: ಮೂಲದಲ್ಲಿ 6/12 ÷ 7/18, ಅಂದರೆ 9/7. ನಿಮ್ಮ ಮಗನ ಉತ್ತರದಲ್ಲಿ 18/14, ಅದೂ 9/7. 1/3 ಮಾತ್ರ ಹೊಂದುವುದಿಲ್ಲ.

ಆದ್ದರಿಂದ ಪರೀಕ್ಷೆಗೆ 0 ಮತ್ತು ±1 ಅನ್ನು ಬಿಟ್ಟುಬಿಡಲು ಹೇಳಿ. ನಿಷಿದ್ಧ ಪಟ್ಟಿಯಲ್ಲಿ ಇಲ್ಲದ, ಸ್ವಲ್ಪ ದೊಡ್ಡ ಸಂಖ್ಯೆ ಹಾಕಲಿ. ನನಗೆ 10 ಇಷ್ಟ, ವರ್ಗ ಮಾಡುವುದು ಸುಲಭ. ಈ ಲೆಕ್ಕಕ್ಕೆ 10 ಹಾಕಿದರೆ ಎರಡು ಕಡೆಯೂ 27/26 ಬರುತ್ತದೆ. ಒಂದು ಎಚ್ಚರಿಕೆ: ಇಂಥ ಪರೀಕ್ಷೆ ಉತ್ತರದ ರೂಪ ಸರಿ ಇದೆಯಾ ಅಂತ ಮಾತ್ರ ಹೇಳುತ್ತದೆ, ನಿರ್ಬಂಧ ಬಿಟ್ಟುಹೋಗಿದ್ದರೆ ಹೇಳುವುದಿಲ್ಲ. ನಿರ್ಬಂಧವನ್ನು ಪರೀಕ್ಷಿಸಬೇಕಾದರೆ ಆ ನಿಷಿದ್ಧ ಸಂಖ್ಯೆಯನ್ನೇ ಮೂಲ ಪ್ರಶ್ನೆಯಲ್ಲಿ ಹಾಕಬೇಕು, ಎಲ್ಲೋ ಒಂದು ಕಡೆ ಸೊನ್ನೆಯಿಂದ ಭಾಗಿಸುವ ಪರಿಸ್ಥಿತಿ ಬರಲೇಬೇಕು. ಬರದಿದ್ದರೆ ಅವನು ಬೇಡದ ಸಂಖ್ಯೆಯನ್ನು ಪಟ್ಟಿಗೆ ಸೇರಿಸಿದ್ದಾನೆ ಅಂತ ಅರ್ಥ.

ಬೇಡದ್ದನ್ನು ಸೇರಿಸುವುದು ಅಂದೆನಲ್ಲ, ಅದು ಗುಣಾಕಾರದಲ್ಲಿ ಜಾಸ್ತಿ. ಭಾಗಾಕಾರ ಕಲಿತ ಮೇಲೆ ಹೆದರಿಕೊಂಡು ಕಂಡಕಂಡ ಅಂಶವನ್ನೆಲ್ಲ ಸೊನ್ನೆ ಆಗಬಾರದು ಅಂತ ಬರೆಯಲು ಶುರು ಮಾಡುತ್ತಾರೆ. ಈ ಲೆಕ್ಕ ನೋಡಿ:

(2x² − 5x − 3)/(9 − x²) × (x² + 3x)/(4x² − 1)

2x² − 5x − 3 ರಲ್ಲಿ ಮಧ್ಯಪದವನ್ನು −6x + x ಅಂತ ಒಡೆದರೆ 2x(x − 3) + 1(x − 3), ಅಂದರೆ (2x + 1)(x − 3). ಉಳಿದವು ಸುಲಭ. ಅಪವರ್ತಿಸಿದ ರೂಪ:

(2x + 1)(x − 3) / [(3 − x)(3 + x)] × x(x + 3) / [(2x − 1)(2x + 1)]

ಗುಣಾಕಾರದಲ್ಲಿ ನೋಡಬೇಕಾದ್ದು ಎರಡೇ ಕಡೆ, ಎರಡು ಛೇದಗಳು. x ≠ 3, x ≠ −3, x ≠ 1/2, x ≠ −1/2. ಎರಡನೇ ಅಂಶದಲ್ಲಿ ಒಂಟಿ x ಇದೆ, ಅದು ಸೊನ್ನೆ ಆಗಬಹುದು. ಆದರೆ ಏನೂ ಆಗುವುದಿಲ್ಲ, ಗುಣಲಬ್ಧ ಸೊನ್ನೆ ಬರುತ್ತದೆ, ಅಷ್ಟೇ. 0 ಪಟ್ಟಿಗೆ ಸೇರುವುದಿಲ್ಲ.

ಹೊಡೆದು ಹಾಕುವಾಗ ಒಂದು ಕಡೆ ಕಣ್ಣಿಡಬೇಕು. 3 + x ಮತ್ತು x + 3 ಒಂದೇ, ನೇರವಾಗಿ ಹೋಗುತ್ತವೆ. x − 3 ಮತ್ತು 3 − x ಒಂದೇ ಅಲ್ಲ. ಒಂದು ಇನ್ನೊಂದರ ಋಣ ರೂಪ, ಅವೆರಡನ್ನು ಭಾಗಿಸಿದರೆ 1 ಅಲ್ಲ, −1 ಬರುತ್ತದೆ. ಮೊದಲೇ 3 − x ಅನ್ನು −(x − 3) ಅಂತ ಬದಲಾಯಿಸಿ ಬರೆದುಕೊಂಡರೆ ಚಿಹ್ನೆ ಕಳೆಯುವುದಿಲ್ಲ. ಉಳಿಯುವುದು:

−x / (2x − 1)

ಛೇದದಲ್ಲಿ ಕಾಣುವ ನಿರ್ಬಂಧ 1/2 ಒಂದೇ, ಉಳಿದ ಮೂರನ್ನು ಪಟ್ಟಿಯಿಂದ ತಂದು ಬರೆಯಬೇಕು. ಈಗ ಇದೇ ಲೆಕ್ಕದಲ್ಲಿ × ಅನ್ನು ತೆಗೆದು ÷ ಹಾಕಿ. ಒಂದು ಚಿಹ್ನೆ ಬದಲಾಯಿತು, ಆಗ ಪಟ್ಟಿಗೆ 0 ಕೂಡ ಬಂದು ಸೇರುತ್ತದೆ, ಯಾಕೆಂದರೆ ಎರಡನೇ ಭಿನ್ನರಾಶಿ ಈಗ ಭಾಗಿಸುವ ಜಾಗದಲ್ಲಿದೆ. ಇದನ್ನು ಮಗನಿಂದಲೇ ಹೇಳಿಸಿ. ಅವನಿಗೆ ವಿಷಯ ಹಿಡಿದಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಗೊಂದಲ ಸಾಮಾನ್ಯವಾಗಿ ಬರುತ್ತದೆ. ‘ಅಪವರ್ತನ ಆಗದಿದ್ದರೆ ನಿರ್ಬಂಧ ಇಲ್ಲ’ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಛೇದದಲ್ಲಿ x² + 4 ಇದ್ದರೆ ಅದು ನಿಜ, ಆದರೆ ಕಾರಣ ಬೇರೆ. ವಾಸ್ತವ ಸಂಖ್ಯೆಯ ವರ್ಗ ಋಣ ಆಗುವುದಿಲ್ಲ, ಅದಕ್ಕೆ 4 ಕೂಡಿಸಿದರೆ ಸೊನ್ನೆ ಬರಲು ಸಾಧ್ಯವೇ ಇಲ್ಲ. x² − 2 ಇದ್ದರೆ? ಪೂರ್ಣಾಂಕಗಳಲ್ಲಿ ಅದೂ ಅಪವರ್ತನ ಆಗುವುದಿಲ್ಲ, ಆದರೆ x ಗೆ √2 ಅಥವಾ −√2 ಹಾಕಿದರೆ ಸೊನ್ನೆ ಆಗುತ್ತದೆ. ಅಲ್ಲಿ ನಿರ್ಬಂಧ ಇದೆ. ಅಪವರ್ತನ ನಮಗೆ ಸೊನ್ನೆ ಎಲ್ಲಿ ಬರುತ್ತದೆ ಅಂತ ಹುಡುಕುವ ಸುಲಭದ ದಾರಿ ಮಾತ್ರ. ಕೇಳಬೇಕಾದ ಪ್ರಶ್ನೆ ಯಾವಾಗಲೂ ‘ಇದು ಸೊನ್ನೆ ಆಗಬಹುದಾ?’ ಅಂತ. ಅನುಮಾನ ಬಂದರೆ ವರ್ಗ ಸಮೀಕರಣದ ಸೂತ್ರದಲ್ಲಿ b² − 4ac ನೋಡಲಿ, ಅದು ಋಣ ಬಂದರೆ ನಿರ್ಬಂಧ ಇಲ್ಲ.

ಬರೆಯುವ ವಿಧಾನದ ಬಗ್ಗೆಯೂ ಒಂದು ಮಾತು. ಕೆಲವು ಪುಸ್ತಕಗಳು ಪಾಠದ ಮೊದಲಲ್ಲೇ ‘ಯಾವ ಛೇದವೂ ಸೊನ್ನೆ ಅಲ್ಲ ಅಂತ ಭಾವಿಸಿ’ ಅಂತ ಒಂದು ಸಾಲು ಹಾಕಿ, ಆಮೇಲೆ ನಿರ್ಬಂಧವನ್ನು ಕೇಳುವುದೇ ಇಲ್ಲ. ಕೆಲವು ಟೀಚರುಗಳು ಉತ್ತರದಲ್ಲಿ ಕಾಣದ ನಿರ್ಬಂಧಗಳನ್ನು ಮಾತ್ರ ಬರೆದರೆ ಸಾಕು ಅನ್ನುತ್ತಾರೆ, ಕಾಣುವುದನ್ನು ಯಾರು ಬೇಕಾದರೂ ನೋಡಿ ತಿಳಿಯಬಹುದು ಅಂತ. ಮುಂದೆ ಕಾಲೇಜಿನ ಬೀಜಗಣಿತದಲ್ಲಿ ಇವನ್ನು x ಗೆ ಬೆಲೆ ಹಾಕುವ ವಿಚಾರವೇ ಇಲ್ಲದೆ, ಬರೀ ಚಿಹ್ನೆಗಳ ಭಿನ್ನರಾಶಿಯಾಗಿ ನೋಡುವುದೂ ಇದೆ. ಅಲ್ಲಿ (x − 3)/(x − 3) ಅಂದರೆ ನೇರವಾಗಿ 1, ನಿರ್ಬಂಧದ ಮಾತಿಲ್ಲ. ಆದರೆ ಶಾಲೆಯಲ್ಲಿ x ಅಂದರೆ ಒಂದು ಸಂಖ್ಯೆ, ಅದನ್ನು ಹಾಕಿ ಬೆಲೆ ನೋಡುತ್ತೇವೆ, ಗ್ರಾಫ್ ಎಳೆಯುತ್ತೇವೆ. ನನ್ನ ಸಲಹೆ, ಐದಿದ್ದರೆ ಐದನ್ನೂ ಬರೆಯಲಿ. ಜಾಸ್ತಿ ಬರೆದದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ, ಅವು ಸರಿಯಾಗಿದ್ದರೆ. ಅವನ ಉತ್ತರ ಪತ್ರಿಕೆಯ ಕೊನೆಯ ಸಾಲು ಹೀಗಿರಬೇಕಿತ್ತು:

(x + 2)(x − 1) / [(x − 2)(x + 3)], x ≠ −3, −2, 1, 2, 3

ಛೇದವನ್ನು ಅಪವರ್ತಿಸಿದ ರೂಪದಲ್ಲೇ ಬಿಡಲಿ, ಗುಣಿಸಿ ಬಿಡಿಸುವುದು ಬೇಡ. ಯಾಕೆ ಅಂತ ಮೇಲೆ ಆ 1/3 ರ ಕಥೆಯಲ್ಲಿ ನೋಡಿದಿರಿ.

ಅಭ್ಯಾಸಕ್ಕೆ ಇದನ್ನು ಕೊಡಿ. ಚಿಕ್ಕದು, ಆದರೆ ಮೇಲೆ ಹೇಳಿದ್ದೆಲ್ಲ ಇದರಲ್ಲಿದೆ:

(x³ + 4x)/(x² − 5x) ÷ (x² + 4)/(x² − 10x + 25)

ಅಪವರ್ತಿಸಿದರೆ x(x² + 4) / [x(x − 5)] ÷ (x² + 4) / (x − 5)². ಮೊದಲ ಛೇದದಿಂದ x ≠ 0, x ≠ 5. ಎರಡನೇ ಛೇದದಿಂದ ಮತ್ತೆ x ≠ 5. ಎರಡನೇ ಅಂಶ x² + 4, ಅದು ಸೊನ್ನೆ ಆಗುವುದಿಲ್ಲ, ಅಲ್ಲಿಂದ ಏನೂ ಸೇರುವುದಿಲ್ಲ. ತಲೆಕೆಳಗು ಮಾಡಿ ಹೊಡೆದು ಹಾಕಿದರೆ ಉಳಿಯುವುದು ಬರೀ x − 5. ಛೇದವೇ ಇಲ್ಲ! ಆದರೂ ಉತ್ತರ ‘x − 5, x ≠ 0, 5’. ಸುಲಭ ಮಾಡಿದ ರೂಪದಲ್ಲಿ 0 ಹಾಕಿದರೆ −5, 5 ಹಾಕಿದರೆ 0, ಎರಡೂ ಆರಾಮಾಗಿ ಬರುತ್ತವೆ. ಮೂಲದಲ್ಲಿ ಹಾಕಿದರೆ ಮೊದಲನೆಯ ಭಿನ್ನರಾಶಿಯಲ್ಲೇ ನಿಂತುಬಿಡುತ್ತದೆ: ಒಂದು ಕಡೆ 0/0, ಇನ್ನೊಂದು ಕಡೆ 145/0. ಅವನು ನಿರ್ಬಂಧ ಬರೆಯದೆ x − 5 ಅಂತ ಮಾತ್ರ ಬರೆದು ತಂದರೆ, ಏನೂ ಹೇಳದೆ ಮೂಲ ಪ್ರಶ್ನೆಯಲ್ಲಿ x = 5 ಹಾಕು ಅನ್ನಿ.